ಚಹಾದ ಫ್ಲೋಚಾರ್ಟ್: ಮೂರನೇ ವರ್ಷಕ್ಕೆ ಕೈಗೂಡಿದ ಪಾಠ

ಏಳನೇ ತರಗತಿಗೆ ಕೆಲಸದ ಹಂತಗಳನ್ನು ಪೆಟ್ಟಿಗೆ, ಬಾಣಗಳಲ್ಲಿ ತೋರಿಸುವ ಫ್ಲೋಚಾರ್ಟನ್ನು ಚಹಾ ಮಾಡುವ ಕ್ರಮದಿಂದಲೇ ಕಲಿಸುತ್ತೇನೆಂದಾಗ, "ಮೇಷ್ಟ್ರೇ, ಪೋರ್ಷನ್ ಮುಗಿಸುವುದು ಬಿಟ್ಟು ಹೋಟೆಲ್ ಇಡುತ್ತೀರಾ?" ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಮೊದಲೆರಡು ವರ್ಷ ಅವರ ಮಾತೇ ಗೆದ್ದಿತು. ಮೊದಲ ವರ್ಷ ಸುಮಾರು 500 ರೂಪಾಯಿ ಖರ್ಚು ಮಾಡಿ ಥರ್ಮಾಕೋಲಿನಲ್ಲಿ ಆಕೃತಿಗಳನ್ನು ಕತ್ತರಿಸಿದೆ. ಮಕ್ಕಳು ಆಕೃತಿಗಳ ಹೆಸರನ್ನು ಬಾಯಿಪಾಠ ಮಾಡಿದರೇ ಹೊರತು, ಹೆಚ್ಚಿನವರ ನೋಟ್‌ಬುಕ್ಕಿನಲ್ಲಿ ಪ್ರಾರಂಭದಿಂದ ಅಂತ್ಯದವರೆಗೆ ಒಂದೇ ನೇರ ಗೆರೆಯಿತ್ತು, 'ಹೌದು', 'ಇಲ್ಲ' ಎಂದು ಎರಡಾಗಿ ಕವಲೊಡೆಯಬೇಕಾದ ಪ್ರಶ್ನೆಯ ವಜ್ರಾಕೃತಿಯಿಂದ ಹೊರಡುವ ಬಾಣವೂ ಒಂದೇ ಆಗಿತ್ತು. ಎರಡನೇ ವರ್ಷ ನಿಜವಾಗಿಯೇ ಒಲೆ ಹಚ್ಚಿದೆ. ಹಾಲು, ಪುಡಿ, ಸಕ್ಕರೆಗೆ ಜೇಬಿನಿಂದ ಇನ್ನೂರು ಹೋಯಿತು, ಎಲ್ಲರ ಕಣ್ಣೂ ಪಾತ್ರೆಯ ಮೇಲಿತ್ತು, ಚಾರ್ಟನ್ನು ನೋಡಿದವರಿಲ್ಲ.

ಮೂರನೇ ವರ್ಷ ಒಲೆಯನ್ನೂ ಥರ್ಮಾಕೋಲನ್ನೂ ಬಿಟ್ಟು, ಸುಮಾರು 40 ರೂಪಾಯಿಯ ಸೀಮೆಸುಣ್ಣ, ಒಂದು ಪಾತ್ರೆ, ಒಂದು ಲೋಟ ಮತ್ತು ಒಂದು ಬಕೆಟ್ ನೀರಿನೊಂದಿಗೆ ಜಗುಲಿಗೆ ಬಂದೆ. ತಂಡವೊಂದು ನೆಲದ ಮೇಲೆ ಚಾರ್ಟ್ ಬರೆಯಬೇಕು, ಬೇರೆ ತಂಡದ ಮಗುವೊಂದು 'ಯಂತ್ರ'ವಾಗಿ ಬಾಣದ ಮೇಲೆ ನಡೆಯುತ್ತ, ಪೆಟ್ಟಿಗೆಯಲ್ಲಿ ಬರೆದಷ್ಟನ್ನು ಮಾತ್ರ ಮಾಡಬೇಕು. ನೀರು ಕುದಿಯಿತೋ ಇಲ್ಲವೋ ಎಂದು ಹೇಳುವವನು ನಾನು.

ಮೊದಲ ತಂಡ "ಒಲೆ ಹಚ್ಚು", "ಒಂದು ಲೋಟ ನೀರು ಹಾಕು", ಆಮೇಲೆ ವಜ್ರಾಕೃತಿಯಲ್ಲಿ "ಕುದಿಯಿತೇ?" ಎಂದು ಬರೆದು, 'ಇಲ್ಲ' ಎಂಬ ಬಾಣವನ್ನು ನೀರು ಹಾಕುವ ಪೆಟ್ಟಿಗೆಗೇ ತಿರುಗಿಸಿತ್ತು. ನಾನು 'ಇಲ್ಲ' ಎಂದಾಗಲೆಲ್ಲ ಯಂತ್ರವಾಗಿದ್ದ ಹುಡುಗಿ ನಗದೆ ಇನ್ನೊಂದು ಲೋಟ ಸುರಿದಳು. ನಾಲ್ಕನೆಯದಕ್ಕೆ ಪಾತ್ರೆ ತುಂಬಿ ಹರಿದು ಅರ್ಧ ಚಾರ್ಟೇ ಅಳಿಸಿಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಆ ತಂಡದವರು ನಡುವೆ "ಒಂದು ನಿಮಿಷ ಕಾಯು" ಎಂಬ ಪೆಟ್ಟಿಗೆ ಸೇರಿಸಿ ಬಾಣವನ್ನು ಅಲ್ಲಿಗೆ ತಂದರು. ಇನ್ನೊಂದು ತಂಡ ಒಲೆ ಹಚ್ಚುವುದನ್ನೇ ಮರೆತಿತ್ತು. ಅವರ ಯಂತ್ರ ಹತ್ತು ಸುತ್ತು ಕಾದರೂ ನನ್ನಿಂದ 'ಇಲ್ಲ' ಎಂಬ ಉತ್ತರವೇ ಬಂತು, ಮುಗಿಯದ ಲೂಪ್ ಎಂದರೇನೆಂದು ನಾನು ವಿವರಿಸಬೇಕಾಗಲಿಲ್ಲ. ಹಿಂದೆ ಮೂವತ್ತನಾಲ್ಕರಲ್ಲಿ ಐದಾರು ಮಕ್ಕಳು ಹಿಂದಿರುಗುವ ಬಾಣವನ್ನು ಸರಿಯಾಗಿ ಬರೆಯುತ್ತಿದ್ದರು, ಈ ಸಲ ಇಪ್ಪತ್ತೈದು ದಾಟಿತು. ನಕ್ಕಿದ್ದ ಸಹೋದ್ಯೋಗಿ ಮರುದಿನ ಬಂದು ಬಕೆಟ್ ಕೇಳಿದರು.

ಆದರೆ ಆ ಇಪ್ಪತ್ತೈದರಲ್ಲೂ ಒಂದು ಹುಳುಕಿತ್ತು. ಕ್ಷೀರಭಾಗ್ಯದ ಹಾಲಿನ ಪುಡಿ ಕದಡುವುದನ್ನು ಚಾರ್ಟ್ ಮಾಡಲು ಹೇಳಿದಾಗ, "ಗಂಟು ಉಳಿದಿದೆಯೇ?" ಎಂಬ ಪ್ರಶ್ನೆಗೂ ಹೆಚ್ಚಿನವರು 'ಇಲ್ಲ' ಬಾಣವನ್ನೇ ಹಿಂದಕ್ಕೆ ತಿರುಗಿಸಿ, ಗಂಟಿದ್ದ ಹಾಲನ್ನು ಲೋಟಕ್ಕೆ ಬಗ್ಗಿಸಿದರು. 'ಇಲ್ಲ' ಎಂದರೆ ಹಿಂದಕ್ಕೆ ಎಂಬ ತಪ್ಪು ನಿಯಮವನ್ನು ಚಹಾವೇ ಅವರ ತಲೆಯಲ್ಲಿ ಕೂರಿಸಿತ್ತು. ಹಾಗಾಗಿ ಈಗ ಚಹಾ ಮತ್ತು ಹಾಲು ಎರಡನ್ನೂ ಬೆನ್ನುಬೆನ್ನಿಗೆ, ಎರಡು ಪೀರಿಯಡ್‌ಗಳಲ್ಲಿ ಮಾಡಿಸುತ್ತೇನೆ.