5% ರೋಲೌಟ್‌ನಲ್ಲೇ ನಿಲ್ಲಿಸ್ಬೇಕಾ ಬೇಡ್ವಾ: ನಮ್ಮ ಹಾಲಿನ ಆಪ್‌ನಲ್ಲಿ ನಾನು ಮಾಡಿದ್ದು

ನಮ್ದು ಹಾಲು, ತರಕಾರಿ ಮನೆಗೆ ತಲುಪಿಸೋ ಆಪ್. ಬನಶಂಕರಿಲಿ ಆಫೀಸು, ಆಂಡ್ರಾಯ್ಡ್ ಕಡೆ ನಾನು ಮತ್ತೆ ಇನ್ನೊಬ್ಬ ಹುಡುಗ ಅಷ್ಟೇ. ದಿನಕ್ಕೆ ಸುಮಾರು 80 ಸಾವಿರ ಸೆಷನ್ ಬರುತ್ತೆ. ಗಿರಾಕಿಗಳೂ ಡೆಲಿವರಿ ಹುಡುಗ್ರೂ ಒಂದೇ ಆಪ್ ಬಳಸ್ತಾರೆ, ಲಾಗಿನ್ ಮಾತ್ರ ಬೇರೆ. ಹೊಸ ವರ್ಶನ್ ಮೊದಲು 5% ಜನಕ್ಕೆ ಮಾತ್ರ ಬಿಟ್ಟು, ಕ್ರ್ಯಾಶ್-ಫ್ರೀ ಸೆಷನ್, ಅಂದ್ರೆ ನೂರಕ್ಕೆ ಎಷ್ಟು ಸೆಷನ್ ಆಪ್ ಬೀಳದೆ ಮುಗೀತು ಅನ್ನೋದು ನೋಡ್ಕೊಂಡು ರಿಲೀಸ್ ನಿಲ್ಲಿಸೋ ನಿರ್ಧಾರ ತಗೊಳೋಣ ಅಂತ ನಾನು ಹೇಳ್ದಾಗ ಆಫೀಸಲ್ಲಿ ಯಾರೂ ನಂಬ್ಲಿಲ್ಲ, ಯಾಕಂದ್ರೆ ಅದಕ್ಕೂ ಮುಂಚೆ ಎರಡು ಸಲ ಅದೇ ನಂಬರ್ ನಂಬ್ಕೊಂಡು ದುಡ್ಡು ಕಳ್ಕೊಂಡಿದ್ವಿ.

ಮೊದಲ್ನೇ ಸಲ ಡ್ಯಾಶ್‌ಬೋರ್ಡ್‌ನಲ್ಲಿ ಒಟ್ಟು ನಂಬರ್ 99.6 ತೋರಿಸ್ತಿತ್ತು, ಎಲ್ಲಾ ಚೆನ್ನಾಗಿದೆ ಅಂತ 100% ಬಿಟ್ವಿ. 5% ಇದ್ದಾಗ ಹೊಸ ವರ್ಶನ್ ಎಷ್ಟೇ ಕೆಟ್ಟಿದ್ರೂ ಒಟ್ಟು ಲೆಕ್ಕದಲ್ಲಿ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಕಾಣೋದೇ ಇಲ್ಲ. ಎಲ್ಲರಿಗೂ ಹೋದ್ಮೇಲೆ ಆಪ್ ಬೀಳೋದು ಗೊತ್ತಾಗಿ, ಗಾಬರಿಲಿ ಹಳೇ ಕೋಡನ್ನೇ ದೊಡ್ಡ `versionCode` ಕೊಟ್ಟು ಮತ್ತೆ ಹಾಕಿದ್ವಿ, ಅದು ಇನ್ನೂ ಜಾಸ್ತಿ ಬಿತ್ತು (ಯಾಕೆ ಅಂತ ಕೆಳಗೆ ಹೇಳ್ತೀನಿ). ರೀಫಂಡು, ಕಾಲ್ ಸೆಂಟರ್ ಓವರ್‌ಟೈಮ್ ಎಲ್ಲಾ ಸೇರಿ ಹತ್ತತ್ರ 1.8 ಲಕ್ಷ ಹೋಯ್ತು.

ಎರಡನೇ ಸಲ ಬುದ್ಧಿ ಬಂದು ಹೊಸ ವರ್ಶನ್ ಒಂದನ್ನೇ ಫಿಲ್ಟರ್ ಮಾಡಿ ನೋಡ್ದೆ. ಆರು ಗಂಟೆಲಿ ಸುಮಾರು 400 ಸೆಷನ್, 5 ಕ್ರ್ಯಾಶ್, ಅಂದ್ರೆ 98.75. ತಕ್ಷಣ ರೋಲೌಟ್ ನಿಲ್ಲಿಸ್ದೆ. ಮೂರು ದಿನ ಹುಡುಕಿದ್ರೂ ಏನೂ ಸಿಗ್ಲಿಲ್ಲ, ಐದು ಕ್ರ್ಯಾಶ್‌ಗೂ ಐದು ಬೇರೆ ಬೇರೆ ಹಳೇ ಕಾರಣ. ಅದು ಗೌರಿ ಗಣೇಶ ಹಬ್ಬದ ವಾರ, ಹೂವು ಹಣ್ಣಿನ ಆಫರ್ ಆ ಬಿಲ್ಡಲ್ಲೇ ಇತ್ತು, ಜಾಹೀರಾತಿಗೆ ಹಾಕಿದ್ದ 90 ಸಾವಿರ ನೀರಲ್ಲಿ ಹೋಮ.

ಆಮೇಲೆ ಕೂತು ಯೋಚ್ನೆ ಮಾಡ್ದಾಗ ಹೊಳೆದಿದ್ದು ಇಷ್ಟು: ಹೊಸ ವರ್ಶನ್‌ನ ಇವತ್ತು ಓಡ್ತಿರೋ ಹಳೇ ವರ್ಶನ್ ಜೊತೆ ಹೋಲಿಸ್ಬಾರ್ದು, ಹಳೇ ವರ್ಶನ್ ತನ್ನ ಮೊದಲ್ನೇ ದಿನ ಹೆಂಗಿತ್ತೋ ಅದರ ಜೊತೆ ಹೋಲಿಸ್ಬೇಕು. ಮೊದಲ ದಿನ ಅಪ್‌ಡೇಟ್ ಆಗೋ ಜನಾನೇ ಬೇರೆ, ವೈಫೈ ಇರೋರು, ಆಟೋ ಅಪ್‌ಡೇಟ್ ಆನ್ ಇರೋರು. ಅದಕ್ಕೆ ಒಂದು ಶೀಟ್ ಮಾಡ್ದೆ, ಪ್ರತಿ ರಿಲೀಸ್‌ಗೂ 5% ಬಿಟ್ಟು 24 ಗಂಟೆಗೆ ಎಷ್ಟು ಸೆಷನ್, ಎಷ್ಟು ಕ್ರ್ಯಾಶ್, ಎಷ್ಟು ಜನ ಅಂತ ಬರ್ದಿಡೋದು. ಏಳೆಂಟು ರಿಲೀಸ್ ಆದ್ಮೇಲೆ ನಮ್ಮ ಮೊದಲ ದಿನದ ಸರಾಸರಿ 99.5ರ ಆಸುಪಾಸು ಅಂತ ಗೊತ್ತಾಯ್ತು.

ಇನ್ನು ಅಲಾರಂ ಎಲ್ಲಿ ಇಡೋದು? ಪರ್ಸೆಂಟ್ ಬಿಟ್ಟು ಕ್ರ್ಯಾಶ್ ಎಣಿಕೆಲೇ ನೋಡ್ತೀನಿ. 2,000 ಸೆಷನ್‌ಗೆ 99.5 ಅಂದ್ರೆ 10 ಕ್ರ್ಯಾಶ್ ನಿರೀಕ್ಷೆ. 10ರ ವರ್ಗಮೂಲ ಮೂರಕ್ಕಿಂತ ಚೂರು ಜಾಸ್ತಿ, ಅದರ ಮೂರು ಪಟ್ಟು ಸೇರಿಸಿದ್ರೆ 19-20. ಅಲ್ಲಿವರೆಗೂ ಅದೃಷ್ಟದ ಏರಿಳಿತ, ಅದು ದಾಟಿದ್ರೆ ನಿಲ್ಲಿಸು. ಇದೇ ಲೆಕ್ಕ ಆ ಹಬ್ಬದ ರಿಲೀಸ್‌ಗೆ ಹಾಕಿ ನೋಡಿ: 400ಕ್ಕೆ 2 ನಿರೀಕ್ಷೆ, ಗಡಿ 6, ಬಂದಿದ್ದು 5. ನಿಲ್ಲಿಸೋ ಅಗತ್ಯಾನೇ ಇರ್ಲಿಲ್ಲ. ಒಂದೇ ಎಚ್ಚರಿಕೆ, ಒಬ್ಬನದೇ ಫೋನು ತೆರೆದಾಗೆಲ್ಲ ಬೀಳ್ತಿದ್ರೆ ಎಣಿಕೆ ಸುಮ್ನೆ ಉಬ್ಬುತ್ತೆ, ಅದಕ್ಕೆ ಎಷ್ಟು ಜನ ಅನ್ನೋ ಕಾಲಂ.

24 ಗಂಟೆ ಯಾಕೆ ಕಾಯ್ಬೇಕು ಅಂದ್ರೆ, ಕ್ರ್ಯಾಶ್ ರಿಪೋರ್ಟ್ ಬಹಳ ಸಲ ಆಪ್ ಮತ್ತೆ ತೆರೆದಾಗ್ಲೇ ಬರೋದು. ಡೆಲಿವರಿ ಹುಡುಗ್ರಿಗೆ ಕೆಲಸ ನಿಂತ್‌ಹೋಗುತ್ತೆ, ತಕ್ಷಣ ತೆರೀತಾರೆ. ಗಿರಾಕಿ ರಾತ್ರಿ ಒಂಬತ್ತಕ್ಕೆ ನಾಳೆ ಹಾಲು ಬೇಡ ಅನ್ನೋಕೆ ತೆರೀತಾರೆ, ಬಿದ್ರೆ ಫೋನ್ ಆಕಡೆ ಇಟ್ಟು ಮಲಗ್ತಾರೆ, ರಿಪೋರ್ಟ್ ಮಾರನೇ ದಿನಕ್ಕೆ. ಹಾಗಾಗಿ ಮೊದಲ ಕೆಲವು ಗಂಟೆ ನಂಬರ್ ಯಾವಾಗ್ಲೂ ನಿಜಕ್ಕಿಂತ ಚೆನ್ನಾಗಿ ಕಾಣುತ್ತೆ. ಪ್ಲೇ ಸ್ಟೋರ್‌ದು 1.09% ಕ್ರ್ಯಾಶ್ ಗಡಿ ಇದೆಯಲ್ಲ, ಅದು 28 ದಿನದ ಲೆಕ್ಕ, ಈ ಕೆಲಸಕ್ಕೆ ಬರಲ್ಲ.

ಈಗ ಕೆಲಸ ಮಾಡಿದ ಕೇಸ್. 5.3 ರಿಲೀಸ್, ಬುಧವಾರ ಬೆಳಗ್ಗೆ 5%. ಗುರುವಾರಕ್ಕೆ ಸುಮಾರು 2,000 ಸೆಷನ್, 31 ಕ್ರ್ಯಾಶ್, 22 ಜನ. ನಾನು ನಿಲ್ಲಿಸ್ಬೇಕು ಅಂದೆ. ಮ್ಯಾನೇಜರ್ ಡ್ಯಾಶ್‌ಬೋರ್ಡ್ ತೋರ್ಸಿ, "99.6 ಹಂಗೇ ಇದೆಯಲ್ರೀ, ಹೋದ್ಸಲ ಹಬ್ಬ ಹಾಳ್‌ಮಾಡಿದ್ದು ಸಾಕಾಗ್ಲಿಲ್ವಾ" ಅಂದ್ರು. "ಸರ್, 80 ಸಾವಿರಕ್ಕೆ 320 ಬೀಳೋ ಕಡೆ 341 ಬಿದ್ರೆ ಅದು 99.57, ದುಂಡಗೆ ಮಾಡಿದ್ರೆ 99.6ನೇ. ಹೊಸದು ಒಂದನ್ನೇ ನೋಡಿ, 98.45" ಅಂತ ಶೀಟ್ ತೆರೆದಿಟ್ಟೆ. ಗಡಿ 20, ಬಂದಿದ್ದು 31, ಅದ್ರಲ್ಲಿ 19 ಒಂದೇ ಸ್ಟ್ಯಾಕ್‌ಟ್ರೇಸ್. ಒಪ್ಕೊಂಡ್ರು, ನಿಲ್ಲಿಸ್ದೆ.

ಆ 19ರ ಸಾಲು ಇದು:

```
UNIQUE constraint failed: pending_order.order_no
```

ಫೋನೊಳಗಿನ ರೂಮ್ ಡೇಟಾಬೇಸ್ ವರ್ಶನ್ 14ರಿಂದ 15ಕ್ಕೆ ಹೋಗೋವಾಗ ಆರ್ಡರ್ ನಂಬರ್ ಮೇಲೆ ಯೂನಿಕ್ ಇಂಡೆಕ್ಸ್ ಹಾಕಿದ್ವಿ. ನಮ್ಮ ಟೆಸ್ಟ್ ಫೋನೆಲ್ಲ ಕ್ಲೀನ್, ಎಲ್ಲಾ ಪಾಸ್. ಸಂಜೆ ಹಬ್‌ಗೆ ಹೋಗಿ ಒಬ್ಬ ಹುಡುಗನ ಫೋನ್ ಇಸ್ಕೊಂಡೆ. "ಅಣ್ಣ, ಲೋಗೋ ಬರುತ್ತೆ, ಹೋಗುತ್ತೆ, ಅಷ್ಟೇ" ಅಂದ. ಅವನು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಸಿಗ್ನಲ್ ಇಲ್ದಾಗ "ಡೆಲಿವರ್ ಆಯ್ತು" ಬಟನ್ ಮೂರ್ನಾಲ್ಕು ಸಲ ಒತ್ತಿದ್ದ, ಒಂದೇ ಆರ್ಡರ್ ಮೂರ್ನಾಲ್ಕು ಸಾಲಾಗಿ ಫೋನಲ್ಲೇ ಕೂತಿತ್ತು. ಇಂಡೆಕ್ಸ್ ಹಾಕೋಕೆ ಹೋದಾಗ ಡಬಲ್ ಸಿಕ್ಕಿ ಬೀಳ್ತಿತ್ತು, ಪ್ರತಿ ಸಲ.

ಈಗ ಹಿಂದೆ ತಗೊಳೋ ವಿಷ್ಯ. ರೋಲೌಟ್ ನಿಲ್ಲಿಸಿದ್ರೆ ಹೊಸಬರಿಗೆ ಹೋಗೋದು ನಿಲ್ಲುತ್ತೆ, ಆಗ್ಲೇ 5.3 ತಗೊಂಡೋರು ಅಲ್ಲೇ ಇರ್ತಾರೆ. ಹಳೇ ಕೋಡನ್ನ ಹಂಗೇ ಮೇಲೆತ್ತಿ ಹಾಕಿದ್ರೆ, ಮೈಗ್ರೇಶನ್ ಸರಿಯಾಗಿ ಆದೋರ ಫೋನಲ್ಲಿ ಡೇಟಾಬೇಸ್ 15, ಕೋಡ್ ಕೇಳೋದು 14, ರೂಮ್ ಅಲ್ಲೇ ಬೀಳಿಸುತ್ತೆ. 1.8 ಲಕ್ಷ ಹೋಗಿದ್ದು ಇದ್ರಿಂದ್ಲೇ. `fallbackToDestructiveMigrationOnDowngrade()` ಹಾಕಿದ್ರೆ ಬೀಳಲ್ಲ, ಆದ್ರೆ ಟೇಬಲ್‌ಗಳ್ನ ಅಳಿಸಿ ಹೊಸದಾಗಿ ಮಾಡುತ್ತೆ, ಇನ್ನೂ ಸರ್ವರ್‌ಗೆ ಹೋಗ್ದೇ ಇರೋ ಡೆಲಿವರಿಗಳೂ ಹೋಗ್ತವೆ, ಹುಡುಗ್ರ ಕೂಲಿ ಅದ್ರ ಮೇಲೆ ನಿಂತಿದೆ. ಅದಕ್ಕೆ ಹಳೇ ಸ್ಕ್ರೀನುಗಳು, ಡೇಟಾಬೇಸ್ ಮಾತ್ರ 15ರಲ್ಲೇ ಇಟ್ಟು, ಇಂಡೆಕ್ಸ್‌ಗೆ ಮುಂಚೆ ಈ ಸಾಲು ಸೇರಿಸಿ 5.3.1 ಬಿಟ್ವಿ:

```sql
DELETE FROM pending_order WHERE id NOT IN
  (SELECT MIN(id) FROM pending_order GROUP BY order_no);
```

ಬಿದ್ದ ಫೋನುಗಳಲ್ಲಿ ಮೈಗ್ರೇಶನ್ ಪೂರ್ತಿ ಆಗದೆ 14ರಲ್ಲೇ ನಿಂತಿದ್ದರಿಂದ ಅವೂ ಸರಿಹೋದ್ವು. ಮೊದಲ 24 ಗಂಟೆಲಿ 2,100 ಚಿಲ್ಲರೆ ಸೆಷನ್, 9 ಕ್ರ್ಯಾಶ್. ಈ ಸಲ ಖರ್ಚಾಗಿದ್ದು ನಮ್ಮಿಬ್ಬರ ಒಂದು ರಾತ್ರಿ, ಮತ್ತೆ ರೀಫಂಡ್ ಮೂರು ಸಾವಿರದೊಳಗೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡ್ದೆ. ಕ್ರ್ಯಾಶ್ ರಿಪೋರ್ಟರ್ ಶುರುವಾಗೋಕೆ ಮುಂಚೆನೇ ಆಪ್ ಬಿದ್ರೆ ಯಾವ ಲೆಕ್ಕಕ್ಕೂ ಬರಲ್ಲ. ಅದಕ್ಕೆ ಆಪ್ ತೆರೆದ ಕೂಡ್ಲೇ ನಮ್ಮ ಸರ್ವರ್‌ಗೊಂದು ಪಿಂಗ್, ಒಂದೇ ಫೋನಿಂದ ನಿಮಿಷದೊಳಗೆ ಎರಡು ಪಿಂಗ್ ಬಂದ್ರೆ ಅನುಮಾನ. 2 ಜಿಬಿ ಫೋನುಗಳಲ್ಲಿ ಮೆಮೊರಿ ಸಾಲ್ದೆ ಸಿಸ್ಟಮೇ ಆಪ್ ಮುಚ್ಚೋದೂ ಇದ್ರಲ್ಲಿ ಸೇರ್ಕೊಳ್ತಿತ್ತು, ಅದನ್ನ ಬೇರೆ ಮಾಡೋಕೆ ಒಂದು ದಾರಿ ಸಿಕ್ತು, ಅದನ್ನ ಇಲ್ಲಿ ಬರೆಯಲ್ಲ, ಇನ್ನೂ ಪರೀಕ್ಷೆ ನಡೀತಿದೆ.

ಐಫೋನ್‌ಗೆ ಇದೇ ಶೀಟ್ ಪೂರ್ತಿ ಆಗಲ್ಲ. ಅಲ್ಲಿ ಹಂತ ನಾವು ಆರಿಸೋ ಹಾಗಿಲ್ಲ, ಏಳು ದಿನಕ್ಕೆ 1, 2, 5, 10, 20, 50, 100 ಅಂತ ತಾನೇ ಏರುತ್ತೆ. ನಮ್ಮಲ್ಲಿ ಐಫೋನ್ ಗಿರಾಕಿಗಳು ಕಮ್ಮಿ, ಮೊದಲ ಮೂರು ದಿನ 2,000 ಸೆಷನ್ ಸೇರೋದೇ ಇಲ್ಲ. ಹಾಗಾಗಿ ನಾಲ್ಕನೇ ದಿನ ಬೆಳಗ್ಗೆ Pause ಒತ್ತಿ ನಿಲ್ಲಿಸ್ತೀನಿ, ಎಣಿಕೆ ಸೇರೋವರೆಗೂ ಕಾದು ಆಮೇಲೆ ಮುಂದಕ್ಕೆ ಬಿಡ್ತೀನಿ. ಒಟ್ಟು 30 ದಿನದವರೆಗೂ ಹಿಂಗೆ ನಿಲ್ಲಿಸ್ಬೋದು, ನಮಗೆ ಎರಡು ದಿನ ಸಾಕಾಗುತ್ತೆ.