‘ಮಾತ್ರವಲ್ಲ’ದ ಎರಡು ಕಡೆ: ಜೋಡಿ ವಾಕ್ಯಗಳನ್ನು ನಾನು ತಿದ್ದುವ ರೀತಿ

ಕರಡು ತಿದ್ದುವಾಗ ‘ಮಾತ್ರವಲ್ಲ’, ‘ಅಷ್ಟೇ ಅಲ್ಲ’, ‘ಆಗಲಿ... ಆಗಲಿ’ ಕಂಡ ಕೂಡಲೇ ನಾನು ಮೊದಲು ನೋಡುವುದು ವಾಕ್ಯದ ಕೊನೆಯ ಕ್ರಿಯಾಪದವನ್ನು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆಯುವವರು ಮೊದಲರ್ಧ ಬರೆಯುವಾಗ ಒಂದು ಕ್ರಿಯಾಪದ ಮನಸ್ಸಿನಲ್ಲಿರುತ್ತದೆ, ವಾಕ್ಯ ಮುಗಿಯುವ ಹೊತ್ತಿಗೆ ಬೇರೊಂದು ಬಂದು ಕೂತಿರುತ್ತದೆ. ಜೋಡಿಯ ಎರಡು ಕಡೆಗೆ ಬೇರೆ ಬೇರೆ ವಿಭಕ್ತಿ ಅಂಟಿಕೊಳ್ಳುವುದು ಹೆಚ್ಚಾಗಿ ಹೀಗೆಯೇ.

ಈ ವಾಕ್ಯ ನೋಡಿ: ‘ಹೊಸ ನಿಯಮ ಕೇವಲ ನೌಕರರಿಗೆ ಮಾತ್ರವಲ್ಲದೆ ಗುತ್ತಿಗೆದಾರರು ಕೂಡ ಪಾಲಿಸಬೇಕು.’ ಓದಿದರೆ ಅರ್ಥವೇನೋ ಆಗುತ್ತದೆ, ಆದ್ದರಿಂದಲೇ ಕಣ್ತಪ್ಪಿ ಹೋಗುತ್ತದೆ. ಇಂಥ ಕಡೆ ನಾನು ಜೋಡಿಯ ಒಂದೊಂದೇ ಪದವನ್ನು ಉಳಿಸಿಕೊಂಡು ಕ್ರಿಯಾಪದದವರೆಗೂ ಓದುತ್ತೇನೆ. ‘ಹೊಸ ನಿಯಮ ನೌಕರರಿಗೆ ಪಾಲಿಸಬೇಕು’: ಇದು ನಿಲ್ಲುವುದಿಲ್ಲ. ‘ಹೊಸ ನಿಯಮ ಗುತ್ತಿಗೆದಾರರು ಪಾಲಿಸಬೇಕು’: ‘ನಿಯಮವನ್ನು’ ಎಂದಾದರೆ ನಿಲ್ಲುತ್ತದೆ. ಬರೆದವರ ಮನಸ್ಸಿನಲ್ಲಿ ಮೊದಲು ‘ಅನ್ವಯಿಸುತ್ತದೆ’ ಇತ್ತು, ಅದಕ್ಕೇ ‘ನೌಕರರಿಗೆ’ ಬಂತು. ಆಮೇಲೆ ‘ಪಾಲಿಸಬೇಕು’ ಬಂತು, ‘ನೌಕರರಿಗೆ’ ಹಾಗೇ ಉಳಿಯಿತು.

ಸರಿಪಡಿಸಲು ಎರಡು ದಾರಿಗಳಿವೆ, ಎರಡರಲ್ಲೂ ಮೊದಲು ಕ್ರಿಯಾಪದವನ್ನು ಗಟ್ಟಿಮಾಡಿಕೊಳ್ಳಬೇಕು. ‘ಹೊಸ ನಿಯಮವನ್ನು ನೌಕರರು ಮಾತ್ರವಲ್ಲ, ಗುತ್ತಿಗೆದಾರರೂ ಪಾಲಿಸಬೇಕು’ ಎನ್ನಬಹುದು. ಇಲ್ಲವೇ ‘ಹೊಸ ನಿಯಮ ನೌಕರರಿಗೆ ಮಾತ್ರವಲ್ಲ, ಗುತ್ತಿಗೆದಾರರಿಗೂ ಅನ್ವಯಿಸುತ್ತದೆ’ ಎನ್ನಬಹುದು. ‘ಕೇವಲ’ವನ್ನು ಎರಡರಲ್ಲೂ ತೆಗೆದಿದ್ದೇನೆ. ಅದು ಹೇಳುವುದನ್ನು ‘ಮಾತ್ರ’ ಆಗಲೇ ಹೇಳಿದೆ.

ಕೆಲವು ವಾಕ್ಯಗಳು ಈ ಪರೀಕ್ಷೆಯಲ್ಲಿ ಪಾಸಾಗಿಯೂ ತಪ್ಪಾಗಿರುತ್ತವೆ. ‘ಅವರು ಶಾಲೆಯಲ್ಲಿ ಮಾತ್ರವಲ್ಲ, ಸಂಗೀತವನ್ನೂ ಕಲಿಸುತ್ತಾರೆ.’ ‘ಶಾಲೆಯಲ್ಲಿ ಕಲಿಸುತ್ತಾರೆ’ ಸರಿ, ‘ಸಂಗೀತವನ್ನು ಕಲಿಸುತ್ತಾರೆ’ ಕೂಡ ಸರಿ. ಆದರೆ ಒಂದು ‘ಎಲ್ಲಿ’ ಎಂಬುದಕ್ಕೆ ಉತ್ತರ, ಇನ್ನೊಂದು ‘ಏನನ್ನು’ ಎಂಬುದಕ್ಕೆ. ಹಾಗಾಗಿ ಎರಡೂ ಕಡೆಗೆ ಒಂದೇ ಪ್ರಶ್ನೆ ಹಾಕಿ ನೋಡುವುದನ್ನು ನಾನು ಬಿಡುವುದಿಲ್ಲ. ಇಲ್ಲಿ ಬೇಕಿರುವುದು ‘ಶಾಲೆಯಲ್ಲಿ ಮಾತ್ರವಲ್ಲ, ಮನೆಯಲ್ಲೂ’ ಎಂದೋ, ‘ಗಣಿತವನ್ನು ಮಾತ್ರವಲ್ಲ, ಸಂಗೀತವನ್ನೂ’ ಎಂದೋ ಬರೆದವರನ್ನೇ ಕೇಳಬೇಕು. ಊಹಿಸಿ ತಿದ್ದಿದರೆ ಅರ್ಥವೇ ಬದಲಾಗಿಬಿಡುತ್ತದೆ.

ಹಾಗೆಂದು ಎರಡು ಕಡೆಯ ಪ್ರತ್ಯಯ ಅಕ್ಷರಕ್ಕೆ ಅಕ್ಷರ ಕೂಡಬೇಕೆಂದು ಹಟ ಹಿಡಿಯಬಾರದು. ‘ಕತೆ ಮಾತ್ರವಲ್ಲ, ಕವಿತೆಯನ್ನೂ ಬರೆಯುತ್ತಾರೆ’ ಎಂಬುದನ್ನು ನಾನು ಮುಟ್ಟುವುದಿಲ್ಲ. ವಸ್ತುಗಳ ವಿಷಯದಲ್ಲಿ ‘ಅನ್ನು’ ಬಿಟ್ಟು ಹೇಳುವುದು ಕನ್ನಡದ ರೂಢಿ. ಆದರೆ ‘ಮಗ ಮಾತ್ರವಲ್ಲ, ಮಗಳನ್ನೂ ಕರೆದರು’ ಎಂದರೆ ಓದುಗರು ಒಂದು ಕ್ಷಣ ತಡೆಯುತ್ತಾರೆ, ಕರೆದವರಲ್ಲಿ ಮಗನೂ ಒಬ್ಬನೇ ಎಂದು. ಮನುಷ್ಯರ ಹೆಸರು ಬಂದಲ್ಲಿ ‘ಮಗನನ್ನು ಮಾತ್ರವಲ್ಲ’ ಎಂದೇ ಬರೆಯಿಸುತ್ತೇನೆ.

ಎರಡನೆಯ ಅರ್ಧದ ‘ಊ’ ಎಲ್ಲಿ ಕೂತಿದೆ ಎಂಬುದನ್ನೂ ನೋಡಬೇಕು. ‘ಅವರು ಪುಸ್ತಕ ಬರೆದದ್ದು ಮಾತ್ರವಲ್ಲ, ಅದನ್ನೂ ಮುದ್ರಿಸಿದರು’ ಎಂದರೆ, ಬೇರೇನನ್ನೋ ಮುದ್ರಿಸಿದ್ದರು, ಜೊತೆಗೆ ಇದನ್ನೂ ಎಂಬ ಅರ್ಥ ಇಣುಕುತ್ತದೆ. ಇಲ್ಲಿ ಜೋಡಿಯಾಗಿರುವುದು ಬರೆಯುವ ಮತ್ತು ಮುದ್ರಿಸುವ ಕೆಲಸಗಳು. ಕ್ರಿಯೆಗಳು ಜೋಡಿಯಾದಾಗ ನನಗೆ ‘ಅಷ್ಟೇ ಅಲ್ಲ’ ಹೆಚ್ಚು ಹಗುರವಾಗಿ ಕಾಣುತ್ತದೆ: ‘ಪುಸ್ತಕ ಬರೆದರು, ಅಷ್ಟೇ ಅಲ್ಲ, ಅದನ್ನು ಮುದ್ರಿಸಿದರು ಕೂಡ.’

ಎರಡನ್ನೂ ಅಲ್ಲಗಳೆಯುವ ಜೋಡಿಗಳಲ್ಲಿ ‘ಆಗಲಿ’ ಬಂದರೆ ಕೆಲಸ ಸಲೀಸು. ನಿಷೇಧ ಕೊನೆಯಲ್ಲಿ ಒಂದೇ ಸಲ ಬರುತ್ತದೆ, ವಿಭಕ್ತಿ ಎರಡೂ ಕಡೆ ಒಂದೇ ಇದ್ದರಾಯಿತು: ‘ಅಣ್ಣನಿಗಾಗಲಿ ತಂಗಿಗಾಗಲಿ ವಿಷಯ ತಿಳಿದಿರಲಿಲ್ಲ.’ ‘ಅಣ್ಣನಾಗಲಿ ತಂಗಿಯಾಗಲಿ ಬರಲಿಲ್ಲ’ ಎನ್ನುವಾಗ ಕ್ರಿಯಾಪದ ಯಾರಿಗೆ ಹೊಂದಬೇಕೆಂಬ ಚಿಂತೆಯೂ ಇಲ್ಲ, ‘ಬರಲಿಲ್ಲ’ ಎಲ್ಲರಿಗೂ ಒಂದೇ.

ತೊಡಕು ಇರುವುದು ‘ಅಲ್ಲ’ ಮತ್ತು ‘ಇಲ್ಲ’ ಒಂದೇ ಜೋಡಿಯಲ್ಲಿ ಸಿಕ್ಕಾಗ. ‘ಅವನು ಕವಿಯೂ ಅಲ್ಲ, ಓದುವ ಅಭ್ಯಾಸವೂ ಇಲ್ಲ.’ ಎರಡು ‘ಊ’ಗಳು ಎದುರುಬದುರು ನಿಂತಿರುವುದರಿಂದ ತೂಕ ಸರಿಯಿದ್ದಂತೆ ಕಿವಿಗೆ ಕೇಳುತ್ತದೆ. ಆದರೆ ‘ಅವನು ಓದುವ ಅಭ್ಯಾಸ ಇಲ್ಲ’ ಎನ್ನಲಾಗದು, ‘ಅವನಿಗೆ’ ಬೇಕು. ‘ಅವನು ಕವಿಯೂ ಅಲ್ಲ, ಓದುಗನೂ ಅಲ್ಲ’ ಎಂದರೆ ಎರಡೂ ಕಡೆ ‘ಅವನು’ ಎಂಬುದೇ ಸಾಕು. ಅಭ್ಯಾಸದ ಮಾತು ಬೇಕೇ ಬೇಕೆಂದಾದರೆ ‘ಅವನಿಗೆ ಬರೆಯುವ ಅಭ್ಯಾಸವೂ ಇಲ್ಲ, ಓದುವ ಅಭ್ಯಾಸವೂ ಇಲ್ಲ’ ಎಂದು ಉದ್ದವಾಗಿಯೇ ಬಿಡುತ್ತೇನೆ.