ಕೊಟೇಶನ್ ಇಪ್ಪತ್ತು, ಕೆಲಸ ಹದಿನೈದು

ಕಚೇರಿಗಳ ಎಸಿ ನಿರ್ವಹಣೆ ಮಾಡುವ ಐದು ಜನರ ಸಂಸ್ಥೆಯೊಂದು ಒಂದು ತಿಂಗಳಲ್ಲಿ 20 ಕೊಟೇಶನ್ ಕಳಿಸಿತು, 6 ಆರ್ಡರ್ ಬಂತು ಎಂದುಕೊಳ್ಳಿ. ಗೆಲುವಿನ ಪ್ರಮಾಣದ ಲೆಕ್ಕ ಸುಲಭ: ಶೇ 30. ಆದರೆ ಈ ಅಂಕಿ ತಪ್ಪು. ಯಾಕೆಂದು ನೋಡಲು ವಿಚಾರಣೆಯಿಂದ ಬಿಲ್‌ವರೆಗಿನ ಲೆಕ್ಕ ಇಡುವ ಇಆರ್‌ಪಿನೆಕ್ಸ್ಟ್ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಅದು ಲೀಡ್. ಹೆಸರು, ನಂಬರ್, ಎಲ್ಲಿಂದ ತಿಳಿದು ಬಂದರು ಎಂಬಷ್ಟು ಬರೆದರೆ ಸಾಕು. ಯಾವ ಕೆಲಸ, ಎಷ್ಟು ಯಂತ್ರ, ಯಾವಾಗ ಬೇಕು ಎಂಬುದು ಗೊತ್ತಾದ ಮೇಲೆ ಮಾತ್ರ ಆ ಲೀಡ್‌ನಿಂದಲೇ ಆಪರ್ಚುನಿಟಿ ತೆರೆಯಿರಿ. ವಿಚಾರಿಸಿದವರನ್ನೆಲ್ಲ ಇಲ್ಲಿಗೆ ತಂದರೆ ಪಟ್ಟಿ ಉಬ್ಬುತ್ತದೆ, ಅಷ್ಟೆ.

ಕೊಟೇಶನ್ ಮಾಡುವಾಗ ಹೊಸದಾಗಿ ಶುರು ಮಾಡಬೇಡಿ. ಆಪರ್ಚುನಿಟಿಯನ್ನು ತೆರೆದು `Create` ಗುಂಡಿಯಿಂದ ಮಾಡಿ. ಆಗ ಎರಡಕ್ಕೂ ಕೊಂಡಿ ಉಳಿಯುತ್ತದೆ. ಯಾವ ಕೊಟೇಶನ್ ಯಾವ ಕೆಲಸದ್ದು ಎಂದು ಆಮೇಲೆ ನೆನಪಿನಿಂದ ಹುಡುಕಬೇಕಿಲ್ಲ.

ಎಡವುವುದು ಇದರ ನಂತರ. ಗ್ರಾಹಕರು ದರ ಇಳಿಸಿ ಎನ್ನುತ್ತಾರೆ. ನಮ್ಮವರು ಹಳೆಯದನ್ನು ನಕಲು ಮಾಡಿ ದರ ತಿದ್ದಿ ಕಳಿಸುತ್ತಾರೆ. ಒಂದೇ ಕೆಲಸಕ್ಕೆ ಎರಡು ಕೊಟೇಶನ್! ಅದರ ಬದಲು ಹಳೆಯದನ್ನು `Cancel` ಮಾಡಿ, `Amend` ಒತ್ತಿ. ಅದೇ ನಂಬರಿನ ಕೊನೆಗೆ -1 ಸೇರಿದ ಪರಿಷ್ಕೃತ ಪ್ರತಿ ಬರುತ್ತದೆ, ಹಳೆಯದು ರದ್ದಾದ ಪಟ್ಟಿಗೆ ಹೋಗುತ್ತದೆ.

ನಮ್ಮ ಸಂಸ್ಥೆಯ 20ರಲ್ಲಿ 5 ಇಂಥ ನಕಲುಗಳೇ. ನಿಜವಾದ ಕೆಲಸಗಳು 15. ಆರು ಗೆದ್ದರೆ ಶೇ 40 ಆಯಿತು. ಇನ್ನೂ ನಾಲ್ಕು ಕೊಟೇಶನ್‌ಗಳ ಅವಧಿ ಮುಗಿದಿಲ್ಲ, ಗ್ರಾಹಕರು ಯೋಚಿಸುತ್ತಿದ್ದಾರೆ. ಅವನ್ನು ಸೋಲಿನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ತೀರ್ಮಾನವಾದ 11ರಲ್ಲಿ 6, ಅಂದರೆ ಸುಮಾರು ಶೇ 55. ಮೊದಲಿನ ಅಂಕಿ ನೋಡಿ ದರ ಇಳಿಸಿದ್ದರೆ ಸುಮ್ಮನೆ ನಷ್ಟವಾಗುತ್ತಿತ್ತು.

ಆರ್ಡರ್ ಬಂದ ತಿಂಗಳ ಪ್ರಕಾರ ಅಲ್ಲ, ಕೊಟೇಶನ್ ಕಳಿಸಿದ ತಿಂಗಳ ಪ್ರಕಾರ ಎಣಿಸಿ. ಹಿಂದಿನ ತಿಂಗಳ ಕೊಟೇಶನ್‌ಗೆ ಈ ತಿಂಗಳು ಆರ್ಡರ್ ಬಂದರೆ ಅದು ಹಿಂದಿನ ತಿಂಗಳ ಗೆಲುವೇ.

ಸೇವಾ ಸಂಸ್ಥೆಗಳಲ್ಲಿ ಇನ್ನೊಂದು ಕಳ್ಳದಾರಿ ಇದೆ. ಗ್ರಾಹಕರು ಫೋನಿನಲ್ಲೇ ಹೂಂ ಎಂದ ಕೂಡಲೇ ಹುಡುಗರನ್ನು ಕಳಿಸಿ, ಕೆಲಸ ಮುಗಿಸಿ ನೇರವಾಗಿ ಬಿಲ್ ಹಾಕಿಬಿಡುತ್ತೇವೆ. ಕೊಟೇಶನ್‌ನಿಂದ `Sales Order` ಮಾಡದೆ ಇದ್ದರೆ ಅದು `Ordered` ಆಗುವುದಿಲ್ಲ. `Valid Till` ದಿನ ದಾಟಿದ ಮೇಲೆ `Expired` ಎಂದು ಕೂತಿರುತ್ತದೆ. ಗೆದ್ದ ಕೆಲಸ ಸೋತಂತೆ ಕಾಣುತ್ತದೆ. ಹಣ ಬಂದಿರುವ ಗ್ರಾಹಕರ ಹೆಸರು `Expired` ಪಟ್ಟಿಯಲ್ಲಿ ಕಂಡರೆ ಆಗಿರುವುದು ಇದೇ.

ನಿಜಕ್ಕೂ ಕೈತಪ್ಪಿದ್ದಕ್ಕೆ `Set as Lost` ಒತ್ತಿ ಕಾರಣ ಆರಿಸಿ. ಅವಧಿ ಮುಗಿಯಲಿ ಎಂದು ಬಿಟ್ಟರೆ ತಂತ್ರಾಂಶ ಕಾರಣ ಕೇಳುವುದೇ ಇಲ್ಲ. ಕಾರಣಗಳ ಪಟ್ಟಿ ನಾಲ್ಕೈದಕ್ಕಿಂತ ಉದ್ದ ಬೇಡ: ದರ ಹೆಚ್ಚು, ತಡವಾಗಿ ಕಳಿಸಿದೆವು, ಕೆಲಸವೇ ಮುಂದೆ ಹೋಯಿತು, ಬೇರೆಯವರಿಗೆ ಕೊಟ್ಟರು. ‘ಇತರೆ’ ಎಂದು ಒಂದು ಸೇರಿಸಿದಿರೋ, ಎಲ್ಲರೂ ಅದನ್ನೇ ಒತ್ತುತ್ತಾರೆ.